ಕಿಟಕಿಯ ಬಳಿ ನಾಲ್ಕು ಸೀರೆ

ಅಕ್ಕನ ಮಗಳ ಆರತಕ್ಷತೆಗೆ ಸೀರೆ ಆರಿಸುವ ಕೆಲಸ ವಾಟ್ಸ್‌ಆ್ಯಪ್‌ನಲ್ಲಿ ಶುರುವಾಯಿತು. ಅಕ್ಕ ಅಂಗಡಿಯಲ್ಲಿ ಕುಳಿತು ಒಂದರ ಹಿಂದೊಂದು ಫೋಟೋ ಕಳುಹಿಸುತ್ತಿದ್ದಳು. ಬಿಳಿ ಹಾಸಿನ ಮೇಲೆ ಹರಡಿದ ಸೀರೆ, ಮೇಲಿನಿಂದ ಸುರಿಯುವ ಹಳದಿ ದೀಪ, ಫೋಟೋದ ಮೂಲೆಯಲ್ಲಿ ಯಾರದೋ ಮೊಣಕಾಲು. ಅರ್ಧ ಗಂಟೆಯೊಳಗೆ ಬಳಗವೆಲ್ಲ ಮತ ಹಾಕಿತು. ತಿಳಿ ಪಿಸ್ತಾ ಹಸಿರಿಗೆ ಬಹುಮತ. ಕಾರಣವನ್ನು ದೊಡ್ಡತ್ತೆ ಧ್ವನಿ ಸಂದೇಶದಲ್ಲಿ ಬಿಡಿಸಿ ಹೇಳಿದರು: "ಹುಡುಗಿ ಸ್ವಲ್ಪ ಕಪ್ಪು. ತಿಳಿ ಬಣ್ಣ ಉಟ್ಟರೆ ಬೆಳ್ಳಗೆ ಕಾಣುತ್ತಾಳೆ."

ಎರಡು ನಿಮಿಷದ ನಂತರ ಮದುಮಗಳು ನನಗೊಬ್ಬಳಿಗೇ ಬರೆದಳು: "ಚಿಕ್ಕಮ್ಮ, ನಾನು ಬೆಳ್ಳಗೆ ಕಾಣಬೇಕಾಗಿಲ್ಲ. ಚೆನ್ನಾಗಿ ಕಂಡರೆ ಸಾಕು. ಎರಡೂ ಒಂದೇ ಎಂದು ಇವರಿಗೆ ಹೇಳಿದವರು ಯಾರು?"

ಅವಳು ನನಗೇ ಬರೆದದ್ದಕ್ಕೆ ಕಾರಣವಿದೆ. ಹದಿನಾಲ್ಕು ವರ್ಷ ನಾನು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಬಣ್ಣ ಹೊಂದಿಸುವ ವಿಭಾಗದಲ್ಲಿ ಕೆಲಸ ಮಾಡಿದವಳು. ಬಟ್ಟೆಗೆ ಬಣ್ಣ ಹಾಕುವ ಬಣ್ಣದ ಮನೆಯಿಂದ ಬಂದ ಬಟ್ಟೆ, ಗ್ರಾಹಕ ಒಪ್ಪಿದ ಮಾದರಿಯ ಬಣ್ಣದ್ದೇ ಹೌದೇ ಎಂದು ನೋಡುವುದು ನಮ್ಮ ಕೆಲಸ. ಅದಕ್ಕೊಂದು ಬೂದು ಬಣ್ಣದ ಪೆಟ್ಟಿಗೆ ಇರುತ್ತದೆ. ಒಳಗೆ ಮೂರು ನಾಲ್ಕು ಬಗೆಯ ದೀಪಗಳು: ಒಂದು ಹಗಲಿನ ಬೆಳಕಿನಂಥದ್ದು, ಒಂದು ಅಂಗಡಿಯ ಟ್ಯೂಬ್‌ಲೈಟಿನಂಥದ್ದು, ಒಂದು ಮನೆಯ ಹಳೆಯ ಬುರುಡೆ ದೀಪದಂಥದ್ದು. ಒಂದರಡಿ ಅವಳಿ ಜವಳಿಯಂತಿರುವ ಎರಡು ಬಟ್ಟೆ ಇನ್ನೊಂದರಡಿ ಬೇರೆ ಬೇರೆಯಾಗಿ ಕಾಣುವುದು ಅಲ್ಲಿ ದಿನದ ಮಾತು. ಒಮ್ಮೆ ಅಂಗಿಯ ಕಾಲರಿಗೂ ಮೈಗೂ ಬೇರೆ ಬೇರೆ ರಾಸಾಯನಿಕದ ಬಣ್ಣ ಬಿದ್ದು, ಹಗಲಿನಲ್ಲಿ ಒಂದೇ ನೀಲಿಯಾಗಿದ್ದದ್ದು ಅಂಗಡಿಯ ದೀಪದಡಿ ಎರಡು ನೀಲಿಯಾಗಿ, ಇಡೀ ಸರಕು ಹಿಂದಕ್ಕೆ ಬಂದಿತ್ತು. ಅಂದಿನಿಂದ ಯಾರಾದರೂ ಒಂದು ದೀಪದ ಕೆಳಗೆ ನಿಂತು "ಈ ಬಣ್ಣ ಹೀಗಿದೆ" ಎಂದರೆ ನನಗೆ ನಂಬಿಕೆ ಬರುವುದಿಲ್ಲ.

ಹಾಗಾಗಿ ಅಕ್ಕನಿಗೆ ಹೇಳಿದೆ: ಯಾವುದನ್ನೂ ಈಗ ಗಟ್ಟಿ ಮಾಡಬೇಡ, ನಾಲ್ಕು ಸೀರೆಗಳನ್ನು ನೋಡಿ ಹಿಂದಿರುಗಿಸುತ್ತೇವೆಂದು ಹೇಳಿ ಮನೆಗೆ ತಾ. ಪರಿಚಯದ ಅಂಗಡಿಯಾದ್ದರಿಂದ ಒಪ್ಪಿದರು. ಪಿಸ್ತಾ ಹಸಿರು, ಮಾಸಲು ಗುಲಾಬಿ, ಮಾವಿನಹಣ್ಣಿನ ಹಳದಿ, ಗಾಢ ನೇರಳೆ. ನಾಲ್ಕೂ ರೇಷ್ಮೆ, ನಾಲ್ಕಕ್ಕೂ ಚಿನ್ನದ ಬಣ್ಣದ ಜರಿ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳನ್ನು ಉತ್ತರದ ಕಿಟಕಿಯ ಎದುರು ಸ್ಟೂಲಿನ ಮೇಲೆ ಕೂರಿಸಿದೆ. ಉತ್ತರದ ಕಿಟಕಿಯೇ ಏಕೆಂದರೆ ವರ್ಷದ ಹೆಚ್ಚಿನ ದಿನಗಳಲ್ಲಿ ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ. ಬೆಳಕು ಗಂಟೆಗಟ್ಟಲೆ ಒಂದೇ ಸಮನಾಗಿರುತ್ತದೆ. ಮನೆಯ ದೀಪಗಳನ್ನೆಲ್ಲ ಆರಿಸಿದೆ. ಮುಖ ತೊಳೆದಿದ್ದಳು, ಪೌಡರ್ ಇಲ್ಲ, ಕಾಡಿಗೆ ಇಲ್ಲ. ಕೂದಲನ್ನು ಹಿಂದಕ್ಕೆ ಕಟ್ಟಿ, ಮೈಮೇಲೆ ನನ್ನದೊಂದು ಬೂದು ಶಾಲು ಹೊದಿಸಿದೆ. ಅವಳು ತೊಟ್ಟಿದ್ದ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಗೆಯೇ ಇದ್ದಿದ್ದರೆ ನಾವು ನೋಡುತ್ತಿದ್ದದ್ದು ಸೀರೆಯ ಪರಿಣಾಮವನ್ನಲ್ಲ, ಟೀ ಶರ್ಟಿನ ಪರಿಣಾಮವನ್ನು.

ಇಲ್ಲಿ ಅವಳ ಮೈಬಣ್ಣದ ಬಗ್ಗೆ ಒಂದು ಮಾತು. ನಮ್ಮ ಅಜ್ಜಿಯ ಬಾಯಲ್ಲಿ ಅದಕ್ಕೆ ಎಣ್ಣೆಗೆಂಪು ಎಂಬ ಹೆಸರಿತ್ತು. ಈಗಿನವರು 'ಡಸ್ಕಿ' ಎಂದುಬಿಡುತ್ತಾರೆ. ಅದರಲ್ಲಿ ಮಬ್ಬು ಮಾತ್ರ ಇದೆ. ಎಣ್ಣೆಗೆಂಪು ಎಂಬ ಪದದಲ್ಲಿ ಎರಡು ಸಂಗತಿಗಳಿವೆ. ಕಂದಿನ ಅಡಿಯಲ್ಲಿ ಕೆಂಪು ಇದೆ ಎನ್ನುವುದು ಒಂದು, ಮೇಲೆ ಎಣ್ಣೆ ಸವರಿದಂಥ ಹೊಳಪಿದೆ ಎನ್ನುವುದು ಇನ್ನೊಂದು. ಬಣ್ಣ ಆರಿಸುವವರಿಗೆ ಬೇಕಾದದ್ದೂ ಇವೆರಡೇ. ಚರ್ಮದ ಕಂದು ಬರುವುದು ಮೆಲನಿನ್‌ನಿಂದ, ಕೆಂಪು ಬರುವುದು ಒಳಗಿನ ರಕ್ತದಿಂದ. ಮೆಲನಿನ್ ಹೆಚ್ಚಿದ್ದಷ್ಟೂ ಚರ್ಮದೊಳಗೆ ಹೊಕ್ಕ ಬೆಳಕು ಕಡಿಮೆ ಹಿಂದಿರುಗುತ್ತದೆ. ಆದರೆ ಮೇಲ್ಮೈಯಿಂದಲೇ ಚಿಮ್ಮುವ ಹೊಳಪಿಗೆ ಮೆಲನಿನ್ ಅಡ್ಡಿಯಲ್ಲ. ಹಾಗಾಗಿ ಕಪ್ಪು ಮೈಯ ಮೇಲೆ ಆ ಹೊಳಪು ಎದ್ದು ಕಾಣುತ್ತದೆ, ಮತ್ತು ಸುತ್ತಲಿನ ಬಣ್ಣವನ್ನು ಆ ಹೊಳಪು ಹೊತ್ತು ತರುತ್ತದೆ. ಚಿನ್ನದ ಸರ ಹಾಕಿದ ಕಪ್ಪು ಕೊರಳನ್ನು ಯಾರಾದರೂ ಗಮನವಿಟ್ಟು ನೋಡಿದ್ದರೆ ನಾನು ಹೇಳುವುದು ತಕ್ಷಣ ತಿಳಿಯುತ್ತದೆ.

ಮದುಮಗಳು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದ ವಿದ್ಯೆಯೂ ಒಂದಿತ್ತು. ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಬೆಚ್ಚನೆಯ ಮೈಬಣ್ಣ, ನೀಲಿಯಾಗಿ ಕಂಡರೆ ತಣ್ಣನೆಯದು. ಅದರ ಮೇಲೆ, ಮೈಬಣ್ಣಗಳಿಗೆ ಋತುಗಳ ಹೆಸರಿಟ್ಟ ನಾಲ್ಕು ಗುಂಪುಗಳಲ್ಲಿ ನೀವು ವಸಂತವೋ ಬೇಸಿಗೆಯೋ ಶರತ್ತೋ ಚಳಿಗಾಲವೋ ಎಂದು ತೀರ್ಮಾನ. ಅವಳ ಮಣಿಕಟ್ಟನ್ನು ಕಿಟಕಿಯ ಬಳಿ ಹಿಡಿದು ನೋಡಿದೆವು. ನರವೇ ಕಾಣಲಿಲ್ಲ. ಬೆಳ್ಳಗಿನ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪರೀಕ್ಷೆ ಅದು. ಆರು ಋತುಗಳ ನಾಡಿನವರನ್ನು ನಾಲ್ಕರಲ್ಲಿ ಮುಗಿಸಿದ್ದೂ ನನಗೆ ಹಿಡಿಸಲಿಲ್ಲ, ಅದು ಬೇರೆ ಮಾತು.

ಸೀರೆಗಳನ್ನು ನೋಡಿದ ಕ್ರಮ ಹೀಗಿತ್ತು. ಸೆರಗಲ್ಲ, ಒಡಲಿನ ಭಾಗವನ್ನು ನಾಲ್ಕು ಮಡಿಕೆ ಮಾಡಿ ಗಲ್ಲದ ಕೆಳಗೆ, ಎರಡೂ ಹೆಗಲ ಮೇಲೆ ಬರುವಂತೆ ಹಿಡಿಯುವುದು. ಎದುರಿಗೆ ನಾಲ್ಕಡಿ ದೂರದಲ್ಲಿ ನಾನು. ಐದಾರು ಸೆಕೆಂಡು ನೋಡಿ, ತೆಗೆದು, ಬೂದು ಶಾಲನ್ನು ಮತ್ತೆ ಮುಚ್ಚುವುದು. ಕಡು ಬಣ್ಣವೊಂದನ್ನು ದಿಟ್ಟಿಸಿದ ಕಣ್ಣು ಅದರ ವಿರುದ್ಧ ಬಣ್ಣದ ನೆರಳನ್ನು ಸ್ವಲ್ಪ ಹೊತ್ತು ಹೊತ್ತಿರುತ್ತದೆ. ಆ ಋಣ ತೀರದೆ ಮುಂದಿನ ಸೀರೆಗೆ ಹೋಗಬಾರದು. ನಾಲ್ಕನ್ನೂ ಒಟ್ಟಿಗೆ ಹೋಲಿಸದೆ ಎರಡೆರಡಾಗಿ ನೋಡಿದೆವು. ಎಲ್ಲಕ್ಕಿಂತ ಕಷ್ಟದ ನಿಯಮವೆಂದರೆ ಸೀರೆಯನ್ನು ನೋಡಬಾರದು, ಮುಖವನ್ನು ನೋಡಬೇಕು. ಅಕ್ಕ ಮೂರು ಸಲ ಸೋತಳು. "ಜರಿ ಎಷ್ಟು ಚೆನ್ನಾಗಿದೆ!" ಎನ್ನುವುದು, ನಾನು ಕೆಮ್ಮುವುದು.

ಮುಖದಲ್ಲಿ ನೋಡಬೇಕಾದದ್ದು ಮೂರು ಜಾಗಗಳನ್ನು: ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಅಂಚು, ದವಡೆಯ ಗೆರೆ. ಒಪ್ಪುವ ಬಣ್ಣ ಬಂದಾಗ ಕಣ್ಣಿನ ಕೆಳಗಿನ ಕಪ್ಪು ಕೆನ್ನೆಯ ಬಣ್ಣದೊಳಗೆ ಬೆರೆಯುತ್ತದೆ, ತುಟಿಯ ಕೆಂಪು ತುಟಿಯಲ್ಲೇ ನಿಲ್ಲುತ್ತದೆ, ದವಡೆ ಒಂದೇ ಗೆರೆಯಾಗಿ ಕಾಣುತ್ತದೆ. ಒಪ್ಪದ್ದು ಬಂದಾಗ ಮುಖ ತೇಪೆ ತೇಪೆಯಾಗುತ್ತದೆ, ನಿದ್ದೆಗೆಟ್ಟವರ ಮುಖದಂತೆ. ಮೈಬಣ್ಣ ಬೆಳ್ಳಗಾಯಿತೋ ಕಪ್ಪಾಯಿತೋ ಎನ್ನುವುದು ಈ ಪಟ್ಟಿಯಲ್ಲೇ ಇಲ್ಲ. ದೊಡ್ಡತ್ತೆಯ ಅಳತೆಗೋಲಿನಿಂದ ಅಳೆದರೆ ಬೇರೆ ಸೀರೆ ಗೆಲ್ಲುತ್ತದೆ. ಆ ಗೆಲುವಿನಲ್ಲಿ ಮುಖ ಸೋತಿರಬಹುದು.

ಪಿಸ್ತಾ ಹಸಿರು ಮೊದಲು ಬಂತು. ದವಡೆಯ ಕೆಳಗೆ ಹಸಿರು ಬೆರೆತ ಬೂದು ನೆರಳೊಂದು ಹತ್ತಿಕೊಂಡಿತು. ಕಣ್ಣಿನ ಕೆಳಗಿನ ಕಪ್ಪು ಎರಡರಷ್ಟಾದಂತೆ ಕಂಡಿತು. ಮಾಸಲು ಗುಲಾಬಿ ಇನ್ನೂ ವಿಚಿತ್ರ. ಅದು ಈಗ ಎಲ್ಲ ಮದುವೆಗಳಲ್ಲೂ ಕಾಣುವ, ಬೂದಿ ಬೆರೆಸಿದಂಥ ಗುಲಾಬಿ. ಬಿಡಿಯಾಗಿ ನೋಡಲು ಬಹಳ ಸೊಗಸು. ಅವಳ ಮುಖದ ಕೆಳಗೆ ಬಂದ ಕೂಡಲೇ ಕೆನ್ನೆಯ ಹೊಳಪು ಹೋಗಿ, ವಿಭೂತಿ ಸವರಿ ಒರೆಸಿದಂತಾಯಿತು. ತುಟಿ ಎಲ್ಲಿ ಮುಗಿಯಿತೆಂದು ತಿಳಿಯಲಿಲ್ಲ. ಮಾವಿನ ಹಳದಿ ಗಲ್ಲದ ಅಡಿಯ ನೆರಳಿಗೆ ಬಂಗಾರದ ಬೆಳಕು ತುಂಬಿತು, ಮುಖ ಬೆಚ್ಚಗಾಯಿತು, ಆದರೆ ಕಣ್ಣಿನ ಬಿಳಿಭಾಗವೂ ಹಲ್ಲೂ ಹಳದಿಗೆ ತಿರುಗಿದವು. ನೇರಳೆ ಬಂದಾಗ ನಾನೂ ಅಕ್ಕನೂ ಒಟ್ಟಿಗೆ "ಹಾಂ" ಎಂದೆವು. ಕಣ್ಣಿನ ಬಿಳಿ ಬೆಳ್ಳಗೆ, ತುಟಿ ಕೆಂಪಗೆ, ದವಡೆ ಚಾಕುವಿನಲ್ಲಿ ಕೊರೆದಂತೆ. ಮೈಬಣ್ಣ ಒಂದಿಷ್ಟೂ ಬೆಳ್ಳಗಾಗಿರಲಿಲ್ಲ; ಅದರೊಳಗೆ ಬಂಗಾರದ ಎಳೆ ಕಾಣಿಸಿತ್ತು.

ಏಕೆ ಹೀಗೆ ಎನ್ನುವುದಕ್ಕೆ ಉತ್ತರ ಹುಡುಕಿದರೆ ಎರಡು ಬೇರೆ ಬೇರೆ ಕೆಲಸಗಳು ಒಟ್ಟಿಗೆ ನಡೆಯುವುದು ಕಾಣುತ್ತದೆ. ಒಂದು ನಮ್ಮ ಕಣ್ಣಿನಲ್ಲಿ ನಡೆಯುವುದು. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮನೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೊಲ್‌ಗೆ ಒಂದು ದೂರು ಬಂದಿತ್ತು: ನಿಮ್ಮ ಕಪ್ಪು ನೂಲಿನಲ್ಲಿ ಕಪ್ಪು ಸಾಲದು. ಆತ ಹುಡುಕಿದಾಗ ನೂಲಿನಲ್ಲಿ ತಪ್ಪಿರಲಿಲ್ಲ. ಆ ಕಪ್ಪನ್ನು ನೀಲಿ, ನೇರಳೆಯ ಪಕ್ಕ ನೇಯ್ದಿದ್ದರು. ಪಕ್ಕದ ಬಣ್ಣ ಕಪ್ಪನ್ನು ಕೆಡಿಸಿತ್ತು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನ್ನಿಂದ ದೂರಕ್ಕೆ, ತನ್ನ ವಿರುದ್ಧದ ದಿಕ್ಕಿಗೆ ತಳ್ಳುತ್ತದೆ ಎಂದು ಆತ 1839ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ನೇರಳೆಯ ವಿರುದ್ಧ ಹಳದಿ. ಹಾಗಾಗಿ ನೇರಳೆಯ ಮೇಲಿನ ಕಂದು ಮುಖ ಬಂಗಾರದ ಕಡೆಗೆ ಸರಿದಂತೆ ಕಾಣುತ್ತದೆ.

ಅದೇ ಲೆಕ್ಕದಲ್ಲಿ ಪಿಸ್ತಾ ಹಸಿರು ಮುಖವನ್ನು ಕೆಂಪಿನ ಕಡೆಗೆ ತಳ್ಳಬೇಕಿತ್ತಲ್ಲ? ತಳ್ಳುತ್ತದೆ. ಆದರೆ ಎರಡನೆಯ ಕೆಲಸ ಅದಕ್ಕೆ ಅಡ್ಡ ಬರುತ್ತದೆ, ಮತ್ತು ಅದು ಕಣ್ಣಿನಲ್ಲಿ ಅಲ್ಲ, ಚರ್ಮದ ಮೇಲೇ ನಡೆಯುವಂಥದ್ದು. ಬಟ್ಟೆಗೆ ಬಿದ್ದ ಬೆಳಕು ಬಟ್ಟೆಯ ಬಣ್ಣ ಹೊತ್ತು ಮೇಲಕ್ಕೆ ಚಿಮ್ಮಿ ಗಲ್ಲದ ಅಡಿ, ದವಡೆ, ಕೆಳಕೆನ್ನೆಗೆ ಬೀಳುತ್ತದೆ. ಫೋಟೋ ತೆಗೆಯುವವರು ಬಿಳಿ ಥರ್ಮೋಕೋಲ್ ಹಿಡಿದು ಮುಖಕ್ಕೆ ಬೆಳಕು ಎಸೆಯುತ್ತಾರಲ್ಲ, ಸೀರೆಯೂ ಅಂಥದ್ದೇ ಒಂದು ಹಲಗೆ. ತಿಳಿ ಬಣ್ಣ ಹೆಚ್ಚು ಬೆಳಕು ಎಸೆಯುತ್ತದೆ, ಗಾಢ ಬಣ್ಣ ಕಡಿಮೆ. ಪಿಸ್ತಾ ಅವಳ ದವಡೆಗೆ ಹಸಿರು ಬೆಳಕು ಎಸೆಯಿತು. ಮಾಸಲು ಗುಲಾಬಿ ಬೂದು ಬೆಳಕು ಎಸೆಯಿತು, ಎಣ್ಣೆಗೆಂಪಿನ ಹೊಳಪು ಅದನ್ನೇ ಹೊತ್ತುಕೊಂಡಿತು. ಗಾಢ ನೇರಳೆ ಏನನ್ನೂ ಎಸೆಯಲಿಲ್ಲ. ಅದು ಕಣ್ಣಿನ ಕೆಲಸವನ್ನಷ್ಟೇ ಮಾಡಿ ಸುಮ್ಮನಾಯಿತು.

ಹೀಗೆ ನೋಡಿದರೆ 'ಕಪ್ಪಗಿರುವವರಿಗೆ ತಿಳಿ ಬಣ್ಣ' ಎಂಬ ಮಾತೂ, ಅದಕ್ಕೆ ಎದುರಾಗಿ ಈಗ ಹುಟ್ಟಿಕೊಂಡಿರುವ 'ಕಪ್ಪಗಿರುವವರಿಗೆ ಕಡು ಬಣ್ಣವೇ' ಎಂಬ ಮಾತೂ ಅರ್ಧರ್ಧ ಸತ್ಯ. ತಿಳಿ ಬಣ್ಣದಲ್ಲಿ ಅಪಾಯ ಹೆಚ್ಚು, ಏಕೆಂದರೆ ಅದು ಮುಖದ ಮೇಲೆ ತನ್ನ ಗುರುತು ಬಿಡುತ್ತದೆ. ಆದರೆ ಬಿಡುವ ಗುರುತು ಒಳ್ಳೆಯದಾಗಿದ್ದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಅದಕ್ಕೆ ಉದಾಹರಣೆ ನಮ್ಮ ಮನೆಯಲ್ಲೇ ಇತ್ತು. ಧಾರೆಗೆ ನಮ್ಮಲ್ಲಿ ಕೆಂಪು ಅಂಚಿನ ಬಿಳಿ ಸೀರೆ. ಅದರಲ್ಲಿ ಆಯ್ಕೆಯ ಮಾತೇ ಇಲ್ಲ. ಅದು ಅವಳಿಗೆ ಒಪ್ಪುವುದಿಲ್ಲವೆಂದು ಅಕ್ಕ ಮೊದಲೇ ಕೈಬಿಟ್ಟಿದ್ದಳು. ಕಿಟಕಿಯ ಬಳಿ ಅದನ್ನೂ ಹಿಡಿದು ನೋಡಿದೆವು: ಗಲ್ಲದ ಅಡಿಯ ನೆರಳೆಲ್ಲ ಕರಗಿ ಮುಖ ಒಳಗಿನಿಂದ ಬೆಳಗಿದಂತಾಯಿತು. ರೇಷ್ಮೆಯ ಸ್ವಂತ ಬಿಳಿ ಎಂದರೆ ಹಾಲಿನ ಕೆನೆಯ ಬಿಳಿ. ಅದು ಎಸೆಯುವ ಬೆಳಕೂ ಕೆನೆಯದೇ. ಹೊಳೆಯುವ ಬಿಳಿ ಬೇಕೆಂದು ಬಿಳುಪುಕಾರಕ ರಾಸಾಯನಿಕ ಸೇರಿಸಿದ ಬಟ್ಟೆಯಾದರೆ ಹಗಲಿನಲ್ಲಿ ನೀಲಿ ಚಿಮ್ಮುತ್ತದೆ, ಕಂದು ಮುಖದ ಪಕ್ಕ ಅದು ಒರಟು. ಅಂಗಡಿಯಲ್ಲಿ ಎರಡು ಬಿಳಿಗಳನ್ನು ಪಕ್ಕಪಕ್ಕ ಇಟ್ಟು ಬಾಗಿಲ ಬೆಳಕಿಗೆ ತಂದರೆ ಯಾವುದು ಯಾವುದೆಂದು ಯಾರಿಗಾದರೂ ತಿಳಿಯುತ್ತದೆ.

ಎಸೆದ ಬೆಳಕು ದೂರ ಹೋಗುವುದಿಲ್ಲ ಎನ್ನುವುದನ್ನೂ ನೆನಪಿಡಬೇಕು. ಕೊರಳಿನಿಂದ ಒಂದು ಗೇಣು ಕೆಳಗಿಳಿದರೆ ಸಾಕು, ಅಲ್ಲಿನ ಬಣ್ಣ ಮುಖವನ್ನು ಮುಟ್ಟುವುದು ತೀರಾ ಕಡಿಮೆ. ಸೀರೆಯಲ್ಲಿ ಮುಖದ ಪಕ್ಕ ಇರುವುದು ಎಡ ಹೆಗಲ ಸೆರಗು ಮತ್ತು ರವಿಕೆ, ಅಷ್ಟೇ. ಇಳಕಲ್ ಸೀರೆಯನ್ನೇ ನೋಡಿ. ಒಡಲು ಕಪ್ಪು, ಹಸಿರು, ನೀಲಿ ಏನೇ ಇರಲಿ, ಹೆಗಲ ಮೇಲೆ ಬಂದು ಕೂರುವುದು ಬಿಳಿ ತೋಪು ತೆನೆಯ ಕೆಂಪು ಸೆರಗು. ಒಡಲಿನ ಬಣ್ಣ ಮುಖಕ್ಕೆ ಒಪ್ಪದಿದ್ದರೂ ಆ ಸೀರೆ ಎಷ್ಟೋ ಜನರಿಗೆ ಒಪ್ಪುವುದರ ಗುಟ್ಟು ಅಲ್ಲಿದೆ ಎಂದು ನನ್ನ ಅನುಮಾನ. ಬೇರೆ ಸೀರೆಗಳಲ್ಲಿ ಈ ಕೆಲಸವನ್ನು ರವಿಕೆಗೆ ವಹಿಸಬಹುದು. ಬಳುವಳಿಯಾಗಿ ಬಂದ ಸೀರೆಯ ಬಣ್ಣ ಬದಲಾಯಿಸಲಾಗದು. ರವಿಕೆಯ ಬಟ್ಟೆ ನಮ್ಮ ಕೈಯಲ್ಲಿದೆ.

ಈ ನಡುವೆ ಅಕ್ಕ ನಾಲ್ಕೂ ಸೀರೆಗಳ ಫೋಟೋ ತೆಗೆದು ಬಳಗಕ್ಕೆ ಕಳುಹಿಸಲು ಹೊರಟಿದ್ದಳು. ಅವಳ ಫೋಟೋಗಳಲ್ಲಿ ಅದೇ ಹುಡುಗಿ ನಾಲ್ಕು ಹುಡುಗಿಯರಾಗಿದ್ದಳು. ಪಿಸ್ತಾದಲ್ಲಿ ಮುಖ ನಿಜಕ್ಕಿಂತ ಕಪ್ಪು, ನೇರಳೆಯಲ್ಲಿ ನಿಜಕ್ಕಿಂತ ಬಿಳಿ. ಫೋನು ಚಿತ್ರದಲ್ಲಿನ ಒಟ್ಟು ಬೆಳಕನ್ನು ನಡುಮಟ್ಟಕ್ಕೆ ತರಲು ನೋಡುತ್ತದೆ. ತಿಳಿ ಸೀರೆ ಚಿತ್ರ ತುಂಬಿದ್ದರೆ 'ಬೆಳಕು ಹೆಚ್ಚಾಯಿತು' ಎಂದು ಎಲ್ಲವನ್ನೂ ಕಪ್ಪಾಗಿಸುತ್ತದೆ, ಮುಖವನ್ನೂ ಸೇರಿಸಿ. ಗಾಢ ಸೀರೆಯಾದರೆ ಉಲ್ಟಾ. ಮುಖ ಗುರುತಿಸುವ ಫೋನುಗಳು ಇದನ್ನು ಸ್ವಲ್ಪ ಸರಿಪಡಿಸುತ್ತವೆ, ಪೂರ್ತಿಯಲ್ಲ. ಬಣ್ಣದಲ್ಲೂ ಇದೇ ಆಟ: ಚಿತ್ರದ ತುಂಬ ಹಸಿರಿದ್ದರೆ ಬೆಳಕೇ ಹಸಿರೆಂದು ತಿಳಿದು ಅದನ್ನು ಕಳೆಯಲು ಹೋಗಿ ಮುಖಕ್ಕೆ ಗುಲಾಬಿ ಬೆರೆಸಿಬಿಡುತ್ತದೆ. ಅದರ ಮೇಲೆ ಮುಖ ನುಣುಪು ಮಾಡುವ ಸೌಲಭ್ಯ ಬೇರೆ ಚಾಲೂ ಇತ್ತು. ದೂರದ ಊರಿನ ಅತ್ತೆಯರು ಮತ ಹಾಕುವುದು ಸೀರೆಗಲ್ಲ, ಫೋನಿನ ತೀರ್ಮಾನಕ್ಕೆ.

ಇದಕ್ಕೆ ಪರಿಹಾರ ಸುಲಭ, ತಾಳ್ಮೆ ಬೇಕು. ನುಣುಪು ಮಾಡುವ ಸೌಲಭ್ಯವನ್ನು ಆಫ್ ಮಾಡಿದೆ. ಮೊದಲು ಬೂದು ಶಾಲು ಹೊದಿಸಿ, ತೆರೆಯ ಮೇಲೆ ಅವಳ ಕೆನ್ನೆಯನ್ನು ಒತ್ತಿ ಹಿಡಿದೆ. ನನ್ನ ಫೋನಿನಲ್ಲಿ ಆಗ `AE/AF LOCK` ಎಂದು ಬರುತ್ತದೆ, ಬೆಳಕಿನ ಅಳತೆಯೂ ಫೋಕಸ್ಸೂ ಅಲ್ಲಿಗೇ ನಿಂತವೆಂದು ಅರ್ಥ. ಬೇರೆ ಫೋನುಗಳಲ್ಲಿ ಬೀಗದ ಚಿಹ್ನೆ ಬರುತ್ತದೆ. ಆ ಬೀಗ ಬಿಡಿಸದೆ, ಫೋನನ್ನು ಅಲುಗಿಸದೆ ನಾಲ್ಕೂ ಸೀರೆಗಳ ಫೋಟೋ ತೆಗೆದೆ. ಅವಳ ಮಡಿಲಲ್ಲಿ ಒಂದು ಬಿಳಿ ಕಾಗದ ಪ್ರತಿ ಚಿತ್ರದಲ್ಲೂ ಕಾಣುವಂತಿತ್ತು. ನಾಲ್ಕರಲ್ಲೂ ಆ ಕಾಗದ ಒಂದೇ ಬಿಳಿಯಾಗಿದ್ದರೆ ಚಿತ್ರಗಳನ್ನು ಹೋಲಿಸಬಹುದು. ಒಂದರಲ್ಲಿ ಗುಲಾಬಿಯೋ ನೀಲಿಯೋ ಆಗಿದ್ದರೆ ಆ ಚಿತ್ರವನ್ನು ಎಸೆಯಬೇಕು. ನನಗೆ ಒಂದನ್ನು ಎಸೆದು ಮತ್ತೆ ತೆಗೆಯಬೇಕಾಯಿತು.

ಅಂಗಡಿಯವರ ಆ್ಯಪ್ ಒಂದಿತ್ತು. ನಮ್ಮ ಫೋಟೋ ಕೊಟ್ಟರೆ ಸೀರೆ ಉಡಿಸಿ ತೋರಿಸುತ್ತದೆ. ಮದುಮಗಳು ಅದರಲ್ಲೂ ನಾಲ್ಕನ್ನು ಉಟ್ಟಿದ್ದಳು, ನಾಲ್ಕರಲ್ಲೂ ಒಂದೇ ಮುಖ. ಅದರ ತೊಂದರೆಯೂ ಅದೇ. ಸೀರೆ ಬದಲಾಗಿದೆ, ಮುಖದ ಮೇಲಿನ ಬೆಳಕು ಬದಲಾಗಿಲ್ಲ. ಪಿಸ್ತಾ ಅಲ್ಲಿ ಬಹಳ ಒಪ್ಪುತ್ತಿತ್ತು, ಏಕೆಂದರೆ ಮುಖವನ್ನು ಕೆಂಪಿನ ಕಡೆಗೆ ತಳ್ಳುವ ಕೆಲಸ ಉಳಿದಿತ್ತು, ದವಡೆಗೆ ಹಸಿರು ಎಸೆಯುವ ಕೆಲಸ ಇರಲಿಲ್ಲ. ಇಪ್ಪತ್ತು ಸೀರೆಗಳನ್ನು ಐದಕ್ಕೆ ಇಳಿಸಲು ಆ ಆ್ಯಪ್ ಸಾಕು. ಐದನ್ನು ಒಂದಕ್ಕೆ ಇಳಿಸಲು ಸಾಲದು.

ಇಷ್ಟಾಗಿ ನೇರಳೆ ಗೆದ್ದಿತೆಂದು ಅಕ್ಕ ಮಡಿಸಿಡಲು ಹೋದಳು. ಆರತಕ್ಷತೆ ರಾತ್ರಿ ಏಳೂವರೆಗೆ ಎಂದು ನೆನಪಿಸಿದೆ. ಕಲ್ಯಾಣಮಂಟಪದ ವಿದ್ಯುತ್ ಕೆಲಸದವರನ್ನು ಫೋನಿನಲ್ಲಿ ಕೇಳಿದಾಗ ಸಭಾಂಗಣದ ದೀಪಗಳೆಲ್ಲ ಬೆಚ್ಚನೆಯ ಬಿಳಿ ಎಂದರು. ಬೀದಿಯ ಕೊನೆಯ ಅಂಗಡಿಯಿಂದ ಡಬ್ಬಿಯ ಮೇಲೆ ಬೆಚ್ಚನೆಯ ಬಿಳಿಯ ಗುರುತಾದ 3000K ಎಂದು ಮುದ್ರಿಸಿದ್ದ ಎರಡು ಎಲ್‌ಇಡಿ ಬಲ್ಬ್ ತಂದು, ಕತ್ತಲಾದ ಮೇಲೆ ಕೋಣೆಯ ತಲೆಯ ಮೇಲಿನ ಹೋಲ್ಡರಿಗೆ ಹಾಕಿದೆ.

ನೇರಳೆ ಸತ್ತುಹೋಯಿತು. ಬೇರೆ ಮಾತಿಲ್ಲ ಅದಕ್ಕೆ. ನೇರಳೆಯಲ್ಲಿ ನೀಲಿಯೂ ಕೆಂಪೂ ಇವೆ. ಬೆಚ್ಚನೆಯ ದೀಪದಲ್ಲಿ ನೀಲಿ ಬೆಳಕು ಕಡಿಮೆ. ಬಟ್ಟೆಯ ನೀಲಿಗೆ ಹಿಂದಿರುಗಿಸಲು ಹೆಚ್ಚೇನೂ ಸಿಗುವುದಿಲ್ಲ. ಉಳಿದದ್ದು ಮಂಕಾದ ಕೆಂಪು, ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣ. ಅದು ಅವಳ ತೋಳಿನ ಕಂದಿಗೆ ತೀರಾ ಹತ್ತಿರ ಬಂದಿತ್ತು. ಆ ಹತ್ತಿರವನ್ನು ಪರೀಕ್ಷಿಸಲು ಒಂದು ಉಪಾಯವಿದೆ: ಫೋಟೋವನ್ನು ಕಪ್ಪು-ಬಿಳುಪು ಮಾಡಿ ನೋಡುವುದು. ಬಣ್ಣ ಹೋದ ಮೇಲೆ ಉಳಿಯುವುದು ತಿಳಿ-ಗಾಢದ ಅಂತರ ಮಾತ್ರ. ನಮ್ಮ ಚಿತ್ರದಲ್ಲಿ ಸೀರೆ ಎಲ್ಲಿ ಮುಗಿಯಿತು, ತೋಳು ಎಲ್ಲಿ ಶುರುವಾಯಿತು ಎಂದು ಹೇಳುತ್ತಿದ್ದದ್ದು ಜರಿಯ ಅಂಚೊಂದೇ. ಮೈಬಣ್ಣದಷ್ಟೇ ಗಾಢವಾದ ಸೀರೆ ಉಡಬಾರದೆಂದೇನೂ ಇಲ್ಲ. ಅಂಥ ಸೀರೆಗೆ ಅಂಚು ಅಗಲವಿರಬೇಕು, ರವಿಕೆಯ ತೋಳಿಗೂ ಅಂಚು ಬರಬೇಕು. ಈ ನೇರಳೆಗೆ ಇದ್ದದ್ದು ಎರಡೇ ಬೆರಳಿನ ಅಂಚು.

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಬೆಳಿಗ್ಗೆ ಹತ್ತರಿಂದ ಕೂರಿಸಿ, ಒಂದನ್ನು ಒಪ್ಪಿಸಿ, ರಾತ್ರಿ ಎಂಟಕ್ಕೆ ಅದನ್ನೂ ತೆಗೆದುಹಾಕಿದವಳನ್ನು ಯಾರು ತಾನೇ ಮೆಚ್ಚುತ್ತಾರೆ?

ದಾರಿ ತೋರಿಸಿದ್ದು ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹಿರಿಯರು. ಮರುದಿನ ನಾಲ್ಕೂ ಸೀರೆಗಳನ್ನು ಹಿಂದಿರುಗಿಸುತ್ತ, ನೇರಳೆಯೇ ಬೇಕು, ಆದರೆ ರಾತ್ರಿ ಸಾಯಬಾರದು ಎಂದೆ. ಅವರು ನಗದೆ, ಯೋಚಿಸದೆ, ಮೇಲಿನ ಕಪಾಟಿನಿಂದ ಒಂದನ್ನು ತೆಗೆದರು. "ಹಾಸು ನೇರಳೆ ಅಮ್ಮ, ಹೊಕ್ಕು ರಾಣಿ ಗುಲಾಬಿ. ಮಡಿಕೆ ತಿರುಗಿದ ಹಾಗೆ ಬಣ್ಣ ತಿರುಗುತ್ತದೆ." ಉದ್ದದ ನೂಲು ಒಂದು ಬಣ್ಣ, ಅಡ್ಡದ ನೂಲು ಇನ್ನೊಂದು. ಎದುರಿನಿಂದ ಒಂದು ಕಾಣುತ್ತದೆ, ಓರೆಯಲ್ಲಿ ಇನ್ನೊಂದು. ಇಂಥ ಸೀರೆಯನ್ನು ಅಂಗೈ ಮೇಲೆ ಚಪ್ಪಟೆಯಾಗಿ ಹರಡಿ ನೋಡಿದರೆ ಪ್ರಯೋಜನವಿಲ್ಲ, ಹೆಗಲ ಮೇಲೆ ಐದು ಮಡಿಕೆ ಹಾಕಿಯೇ ನೋಡಬೇಕು. ನನ್ನ ಕೈಚೀಲದಲ್ಲಿದ್ದ ಬಲ್ಬನ್ನು ಹಿರಿಯರು ಒಳಕೋಣೆಯ ಹೋಲ್ಡರಿಗೆ ತಾವೇ ಹಾಕಿಕೊಟ್ಟರು. ಬೆಚ್ಚನೆಯ ಬೆಳಕಿನಲ್ಲಿ ನೇರಳೆ ಹಾಸು ಹಿಂದೆ ಸರಿಯಿತು, ರಾಣಿ ಗುಲಾಬಿ ಹೊಕ್ಕು ಮುಂದೆ ಬಂದು ಹೊತ್ತಿಕೊಂಡಿತು. ಬಾಗಿಲ ಬಳಿ ಹಗಲಿನಲ್ಲಿ ಹಿಡಿದರೆ ಮತ್ತೆ ನೇರಳೆ. ಅಂಚು ನಾಲ್ಕು ಬೆರಳು. ಮದುಮಗಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಏನೂ ಹೇಳಲಿಲ್ಲ, ಬೆಲೆ ಕೇಳಿದಳು. ಅದನ್ನೇ ಒಪ್ಪಿಗೆ ಎಂದುಕೊಂಡೆವು.

ಆರತಕ್ಷತೆಯ ದಿನ ಏಳೂವರೆಯಿಂದ ಎಂಟೂವರೆಯವರೆಗೆ ನನ್ನ ಲೆಕ್ಕವೆಲ್ಲ ಸರಿಯಾಗಿತ್ತು. ದೊಡ್ಡತ್ತೆ ನನ್ನ ಪಕ್ಕ ಕುಳಿತು, "ನೋಡು, ಎಷ್ಟು ಬೆಳ್ಳಗೆ ಕಾಣುತ್ತಿದ್ದಾಳೆ" ಎಂದರು. ಅವರ ಭಾಷೆಯಲ್ಲಿ ಅದೇ ಅತಿ ದೊಡ್ಡ ಹೊಗಳಿಕೆ, ನಾನು ತಿದ್ದಲಿಲ್ಲ. ಆಮೇಲೆ ವೇದಿಕೆಯ ಅಲಂಕಾರದವರು ಬಣ್ಣದ ದೀಪಗಳನ್ನು ಹಚ್ಚಿದರು. ಬೆಚ್ಚನೆಯ ಬಿಳಿ ಎಂದು ಫೋನಿನಲ್ಲಿ ಹೇಳಿದ್ದವರು ವೇದಿಕೆಯ ಮಾತನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲು ಗುಲಾಬಿ, ಆಮೇಲೆ ಹಸಿರು, ಆಮೇಲೆ ಶುದ್ಧ ನೀಲಿ. ನೀಲಿಯಲ್ಲಿ ರಾಣಿ ಗುಲಾಬಿ ಕಪ್ಪಾಯಿತು, ಜರಿ ಕಪ್ಪಾಯಿತು, ವರನ ಕೆನೆ ಬಣ್ಣದ ಶೇರ್ವಾನಿ ಆಕಾಶವಾಯಿತು, ಮದುಮಗಳು ಕ್ಯಾಲೆಂಡರಿನ ಕೃಷ್ಣನಂತೆ ಕಾಣತೊಡಗಿದಳು. ಅವಳು ವೇದಿಕೆಯಿಂದ ನನ್ನನ್ನು ಹುಡುಕಿ, ನನ್ನ ಮುಖ ಕಂಡು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಛಾಯಾಗ್ರಾಹಕರು ಆ ಕ್ಷಣವನ್ನು ಹಿಡಿದರು. ಈಗ ಅವಳ ಫೋನಿನ ಮುಖಪುಟದಲ್ಲಿರುವುದು ಆ ನೀಲಿ ಫೋಟೋವೇ.